ಗಾಳಿ ಹಾಕಿಸಿದರೂ ಮತ್ತೆ ಉರಿಯುವ ಟಯರ್ ದೀಪ: ಘಟ್ಟ ಹತ್ತಿ ಇಳಿಯುವ ಕಾರಿನ ದೋಷ ಪತ್ತೆ

ಟಯರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ತಿಳಿಸುವ ಹಳದಿ ದೀಪ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತದೆ; ಬಂಕಿನಲ್ಲಿ ಗಾಳಿ ಹಾಕಿಸಿದ ಮೇಲೆ ಆರುತ್ತದೆ; ಕೆಲವು ದಿನ ಕಳೆಯುವಷ್ಟರಲ್ಲಿ ಬೆಳಗಿನ ಹೊತ್ತು ಮತ್ತೆ ಉರಿಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ದೂರು ಹೆಚ್ಚು. ಅದರಲ್ಲೂ ಆಗಾಗ ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಹೋಗಿಬರುವ ಕಾರುಗಳಲ್ಲಿ ಇದು ಬಿಡದೆ ಕಾಡುತ್ತದೆ. ಇದಕ್ಕೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ: ಚಳಿಗೆ ಹಾಗಾಗುತ್ತದೆ ಎನ್ನುವುದು ಒಂದು, ಸೆನ್ಸರಿನ ಬ್ಯಾಟರಿ ಮುಗಿದಿದೆ ಎನ್ನುವುದು ಇನ್ನೊಂದು, ಎಲ್ಲೋ ಸಣ್ಣ ಪಂಕ್ಚರ್ ಇದೆ ಎನ್ನುವುದು ಮತ್ತೊಂದು. ಮೂರೂ ಸಾಧ್ಯವಿರುವುದರಿಂದಲೇ ತೊಂದರೆ. ಊಹೆಯ ಮೇಲೆ ಯಾವುದೋ ಒಂದನ್ನು ಆರಿಸಿಕೊಂಡು ಹಣ ಖರ್ಚು ಮಾಡಿದವರು ಮುಂದಿನ ವಾರ ಅದೇ ದೀಪದೊಂದಿಗೆ ಮರಳುತ್ತಾರೆ. ಚಳಿಯೊಂದೇ ಈ ದೀಪವನ್ನು ಉರಿಸುವುದು ಅಪರೂಪ, ಅದು ಬೇರೊಂದು ಕೊರತೆಯನ್ನು ಹೊರಗೆ ತೋರಿಸಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆ ಹಾಗೆ ಎಂಬುದನ್ನು ಮುಂದೆ ಲೆಕ್ಕ ಹಾಕಿ ನೋಡಬಹುದು.

ದೀಪ ಉರಿಯುವ ರೀತಿ

ಗೇಜ್ ಹಿಡಿಯುವ ಮೊದಲು ಕಾರನ್ನು ಸ್ಟಾರ್ಟ್ ಮಾಡಿ ಒಂದೂವರೆ ನಿಮಿಷ ದೀಪವನ್ನಷ್ಟೇ ಗಮನಿಸಬೇಕು. ಪ್ರತಿ ಚಕ್ರದೊಳಗೆ ಸೆನ್ಸರ್ ಇರುವ ವ್ಯವಸ್ಥೆಯಲ್ಲಿ ದೀಪ ಎರಡು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತದೆ. ಮೊದಲಿನಿಂದಲೂ ಮಿನುಗದೆ ಒಂದೇ ಸಮನೆ ಉರಿದರೆ ಯಾವುದೋ ಟಯರಿನ ಒತ್ತಡ ನಿಜವಾಗಿಯೂ ಕಡಿಮೆಯಿದೆ ಎಂದರ್ಥ. ಆ ಮಾಹಿತಿ ಬಂದಿದೆ ಎಂದ ಮೇಲೆ ಆ ಚಕ್ರದ ಸೆನ್ಸರ್ ಕೆಲಸ ಮಾಡುತ್ತಿದೆ ಎಂದೂ ಆಯಿತು. ಹಾಗಲ್ಲದೆ ಒಂದರಿಂದ ಒಂದೂವರೆ ನಿಮಿಷದವರೆಗೆ ಮಿನುಗಿ, ಆಮೇಲೆ ಸ್ಥಿರವಾಗಿ ನಿಂತರೆ ವ್ಯವಸ್ಥೆಯಲ್ಲೇ ದೋಷವಿದೆ ಎಂದರ್ಥ. ಯಾವುದೋ ಸೆನ್ಸರಿನಿಂದ ಸಂಕೇತ ಬರುತ್ತಿಲ್ಲ. ಕಾರು ಓಡಿಸುವವರು ಬೆಲ್ಟ್ ಹಾಕಿ, ಕನ್ನಡಿ ಸರಿಪಡಿಸಿ ಮುಂದೆ ನೋಡುವಷ್ಟರಲ್ಲಿ ಮಿನುಗುವುದು ಮುಗಿದುಹೋಗಿರುತ್ತದೆ. ಆದ್ದರಿಂದ ದೀಪ ಉರಿಯುತ್ತದೆ ಎಂದಷ್ಟೇ ಅವರಿಗೆ ಗೊತ್ತಿರುತ್ತದೆ, ಹೇಗೆ ಉರಿಯುತ್ತದೆ ಎಂಬುದು ಗೊತ್ತಿರುವುದಿಲ್ಲ. ಬ್ಯಾಟರಿಯ ಪ್ರಶ್ನೆಯನ್ನು ಅರ್ಧಕ್ಕಿಂತ ಹೆಚ್ಚು ಬಿಡಿಸುವುದು ಈ ಒಂದೂವರೆ ನಿಮಿಷವೇ.

ಕಾರಿನಲ್ಲಿ ಇರುವುದು ಯಾವ ವ್ಯವಸ್ಥೆ ಎಂಬುದನ್ನೂ ಇದೇ ಹಂತದಲ್ಲಿ ತಿಳಿದುಕೊಳ್ಳಬೇಕು. ಪರದೆಯ ಮೇಲೆ ನಾಲ್ಕು ಟಯರುಗಳ ಒತ್ತಡ ಅಂಕಿಗಳಲ್ಲಿ ಕಾಣುತ್ತಿದ್ದರೆ ಚಕ್ರಗಳೊಳಗೆ ಸೆನ್ಸರುಗಳಿವೆ. ಕೆಲವು ಕಾರುಗಳಲ್ಲಿ ಸೆನ್ಸರೇ ಇರುವುದಿಲ್ಲ. ಗಾಳಿ ಇಳಿದ ಟಯರಿನ ಸುತ್ತಳತೆ ಸ್ವಲ್ಪ ಕಡಿಮೆಯಾಗಿ ಅದು ಉಳಿದವುಗಳಿಗಿಂತ ತುಸು ವೇಗವಾಗಿ ತಿರುಗುತ್ತದೆ. ಎಬಿಎಸ್ ಬ್ರೇಕಿನ ವೇಗ ಅಳೆಯುವ ಭಾಗಗಳಿಂದಲೇ ಆ ವ್ಯತ್ಯಾಸವನ್ನು ಗುರುತಿಸಿ ದೀಪ ಹಚ್ಚಲಾಗುತ್ತದೆ. ಇಂಥ ಕಾರಿನಲ್ಲಿ ಮುಗಿದುಹೋಗಲು ಬ್ಯಾಟರಿಯೇ ಇಲ್ಲ. ಆದರೆ ಗಾಳಿ ಹಾಕಿಸಿದ ಪ್ರತಿ ಸಲವೂ SET ಗುಂಡಿಯನ್ನು ಒತ್ತಿ, ಅಥವಾ ಪರದೆಯ ಮೆನುವಿನಲ್ಲಿ ಆ ಆಯ್ಕೆಯನ್ನು ಹುಡುಕಿ, ಈಗಿನ ಸ್ಥಿತಿಯೇ ಸರಿಯಾದದ್ದು ಎಂದು ಅದಕ್ಕೆ ಕಲಿಸಬೇಕು. ಕಲಿಸದಿದ್ದರೆ ದೀಪ ಮರಳುತ್ತದೆ. ಗಾಳಿ ಕಡಿಮೆ ಇದ್ದಾಗಲೇ ಕಲಿಸಿಬಿಟ್ಟರೆ ಅದು ತಪ್ಪನ್ನೇ ಸರಿಯೆಂದು ಹಿಡಿದು ಕೂರುತ್ತದೆ. ಈ ವ್ಯವಸ್ಥೆಯ ವಿಷಯ ಇಷ್ಟಕ್ಕೇ ಸಾಕು. ಮುಂದಿನದೆಲ್ಲ ಚಕ್ರದೊಳಗೆ ಸೆನ್ಸರ್ ಇರುವ ಕಾರಿಗೆ ಸಂಬಂಧಿಸಿದ್ದು.

ಬೆಳಗಿನ ಅಳತೆ

ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಮುಂದಿನ ಕೆಲಸ ಮನೆಯಂಗಳದಲ್ಲೇ ಆಗಬೇಕು. ಅದಕ್ಕೆ ಸ್ವಂತದ್ದೊಂದು ಗೇಜ್ ಬೇಕು. ಬಂಕಿನ ಯಂತ್ರದ ಅಳತೆ ಒಂದೆರಡು ಪಿಎಸ್‌ಐ ಆಚೀಚೆ ಇರುವುದು ಸಾಮಾನ್ಯ, ಒಂದು ಬಂಕಿಗೂ ಇನ್ನೊಂದಕ್ಕೂ ಹೊಂದಾಣಿಕೆ ಇರುವುದಿಲ್ಲ. ನಮ್ಮ ಗೇಜ್ ಪೂರ್ತಿ ನಿಖರವಾಗಿಲ್ಲದಿದ್ದರೂ ನಡೆಯುತ್ತದೆ. ಪ್ರತಿ ದಿನ ಅದೇ ಗೇಜಿನಲ್ಲಿ ಅಳೆದರೆ ಏರಿಳಿತ ಸರಿಯಾಗಿ ಸಿಗುತ್ತದೆ, ನಮಗೆ ಬೇಕಾಗಿರುವುದೂ ಏರಿಳಿತವೇ.

ಕಾರು ರಾತ್ರಿಯಿಡೀ ನಿಂತಿರಬೇಕು, ಬೆಳಗಿನ ಬಿಸಿಲು ಚಕ್ರದ ಮೇಲೆ ಬಿದ್ದಿರಬಾರದು. ಒಂದು ಮಗ್ಗುಲಿಗೆ ಬಿಸಿಲು ಬಿದ್ದ ಕಾರಿನಲ್ಲಿ ಆ ಕಡೆಯ ಎರಡು ಟಯರುಗಳು ನೆರಳಿನ ಕಡೆಯವುಗಳಿಗಿಂತ ಒಂದೆರಡು ಪಿಎಸ್‌ಐ ಹೆಚ್ಚು ತೋರಿಸುತ್ತವೆ, ನೆರಳಿನಲ್ಲಿದ್ದ ಸರಿಯಾದ ಟಯರಿನ ಮೇಲೆ ವಿನಾಕಾರಣ ಅನುಮಾನ ಬರುತ್ತದೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಒತ್ತಡ ಎಷ್ಟಿರಬೇಕೆಂದು ಬರೆದಿರುತ್ತದೆ. ಅದು ತಣ್ಣಗಿರುವ ಟಯರಿನ ಅಳತೆ. ಟಯರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಗಾಳಿ ತುಂಬಬಾರದು. ಒಂದು ದಿನ ಬೆಳಿಗ್ಗೆ ನಾಲ್ಕೂ ಟಯರುಗಳಿಗೆ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿ, ಮುಂದಿನ ಒಂದು ವಾರ ಅದೇ ಹೊತ್ತಿಗೆ ಅಳೆದು ಬರೆದಿಟ್ಟರೆ ರೋಗದ ಮೂಲ ಹಾಳೆಯ ಮೇಲೆಯೇ ಕಾಣಿಸುತ್ತದೆ. ಟಯರ್ ಇನ್‌ಫ್ಲೇಟರ್ ಎಂದು ಮಾರುವ, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪ್ ಈ ಕೆಲಸಕ್ಕೆ ಧಾರಾಳವಾಯಿತು.

ಬರೆದಿಟ್ಟ ಅಂಕಿಗಳಲ್ಲಿ ನಾಲ್ಕು ಟಯರುಗಳನ್ನು ಒಂದಕ್ಕೊಂದು ಹೋಲಿಸಬೇಕು. ಹವೆಯ ಚಳಿ ನಾಲ್ಕಕ್ಕೂ ಒಂದೇ. ಆದ್ದರಿಂದ ನಾಲ್ಕೂ ಒಟ್ಟಿಗೆ ಇಳಿದು ಒಟ್ಟಿಗೆ ಏರಿದರೆ ಅದು ಉಷ್ಣಾಂಶದ ಆಟ. ಮೂರು ನಿಂತಲ್ಲೇ ನಿಂತು ಒಂದು ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದರೆ ಅದು ಸೋರಿಕೆ. ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ಹೊರಹೋಗುವುದು ಎಲ್ಲ ಟಯರುಗಳಿಗೂ ಸಹಜ. ವಾರಕ್ಕೆ ಎರಡು ಮೂರು ಪಿಎಸ್‌ಐ ಇಳಿಯುವುದು ಸಹಜವಲ್ಲ.

ಲೆಕ್ಕ

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ಕಾರಿನ ಸ್ಥಿತಿಯನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿ ನೋಡಬಹುದು. ಚೀಟಿಯ ಪ್ರಕಾರ ಒತ್ತಡ 33 ಪಿಎಸ್‌ಐ. ವ್ಯಾಪಾರದ ಕೆಲಸಕ್ಕೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಅಲ್ಲಿಂದ ಹೆದ್ದಾರಿ ಹಿಡಿದು ಅಂಕೋಲಾ, ಕಾರವಾರಕ್ಕೆ ಹೋಗಿಬರುವುದು ಅವರ ರೂಢಿ. ದೀಪ ಉರಿದಾಗೆಲ್ಲ ಅವರು ಅಂಕೋಲಾದ ಆಸುಪಾಸಿನ ಬಂಕಿನಲ್ಲಿ ಮಧ್ಯಾಹ್ನ ಗಾಳಿ ಹಾಕಿಸುತ್ತಿದ್ದರು. ಯಂತ್ರದಲ್ಲಿ 33 ಎಂದು ಒತ್ತುವುದು, ಅದು ಕೂಗಿದ ಮೇಲೆ ಹೊರಡುವುದು. ದೀಪ ಆರುತ್ತಿತ್ತು, ನಾಲ್ಕೈದು ದಿನಕ್ಕೆ ಶಿರಸಿಯ ಬೆಳಗಿನಲ್ಲಿ ಮತ್ತೆ ಉರಿಯುತ್ತಿತ್ತು, ಬಿಸಿಲೇರಿ ಕಾರು ಒಂದಷ್ಟು ದೂರ ಓಡಿದ ಮೇಲೆ ತಾನಾಗಿಯೇ ಆರುತ್ತಿತ್ತು. ಪಂಕ್ಚರ್ ಅಂಗಡಿಯಲ್ಲಿ ಚಕ್ರವನ್ನು ನೀರಿನಲ್ಲಿ ಅದ್ದಿ ನೋಡಿ, "ಪಂಕ್ಚರ್ ಇಲ್ಲ, ಸೆನ್ಸರೇ ಹೋಗಿರಬೇಕು" ಎಂದಿದ್ದರು.

ಗೇಜ್ ತೋರಿಸುವುದು ಟಯರಿನೊಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 14.7 ಪಿಎಸ್‌ಐ. ಹಾಗಾಗಿ ಅಂಕೋಲಾದಲ್ಲಿ ಗೇಜ್ 33 ತೋರಿಸಿದಾಗ ಒಳಗಿನ ನಿಜವಾದ ಒತ್ತಡ 47.7. ಆ ಹೊತ್ತಿಗೆ ಹೊರಗೆ 32, 33 ಡಿಗ್ರಿ ಬಿಸಿಲು. ಹೆದ್ದಾರಿಯಲ್ಲಿ ಓಡಿ ಬಂದ ಟಯರಿನೊಳಗಿನ ಗಾಳಿ 50 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ ಎಂದಿಟ್ಟುಕೊಳ್ಳೋಣ. ಮರುದಿನ ಬೆಳಿಗ್ಗೆ ಶಿರಸಿಯಲ್ಲಿ 14 ಡಿಗ್ರಿ. ಗಾಳಿಯ ಪ್ರಮಾಣ, ಟಯರಿನ ಗಾತ್ರ ಎರಡೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಒತ್ತಡವು ಕೆಲ್ವಿನ್ ಅಳತೆಯ ಉಷ್ಣಾಂಶದ ಅನುಪಾತದಲ್ಲಿ ಇಳಿಯುತ್ತದೆ. ಸೆಲ್ಸಿಯಸ್ಸಿಗೆ 273 ಕೂಡಿಸಿದರೆ ಕೆಲ್ವಿನ್ ಸಿಗುತ್ತದೆ:

```
47.7 × (14 + 273) / (50 + 273) = 42.4
42.4 − 13.7 = 28.7
```

ಎರಡನೆಯ ಸಾಲಿನಲ್ಲಿ 14.7ರ ಬದಲು 13.7 ಕಳೆದಿರುವುದಕ್ಕೆ ಕಾರಣವಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾತಾವರಣದ ಒತ್ತಡವೇ ಸುಮಾರು ಒಂದು ಪಿಎಸ್‌ಐ ಕಡಿಮೆ. ಅಂದರೆ ಘಟ್ಟ ಹತ್ತಿದ್ದರಿಂದ ಗೇಜಿಗೆ ಒಂದು ಪಿಎಸ್‌ಐ ಲಾಭವೇ ಆಗಿದೆ. ಆ ಲಾಭವನ್ನೂ ಸೇರಿಸಿಕೊಂಡು ಬೆಳಿಗ್ಗೆ ಉಳಿದದ್ದು 28.7. ಹಿಂದಿನ ದಿನ 33 ಹಾಕಿಸಿದ್ದೇನೆ ಎಂದು ನಂಬಿದವರ ಟಯರಿನಲ್ಲಿ ನಾಲ್ಕು ಪಿಎಸ್‌ಐಗಿಂತ ಹೆಚ್ಚು ಕೊರತೆ ರಾತ್ರೋರಾತ್ರಿ ಹುಟ್ಟಿಕೊಂಡಿತು, ಒಂದಿಷ್ಟೂ ಗಾಳಿ ಸೋರದೆ.

ಆದರೂ ದೀಪ ಉರಿಯಲು ಇಷ್ಟು ಸಾಲದು. ಸಾಮಾನ್ಯವಾಗಿ ಶಿಫಾರಸು ಮಾಡಿದ ಒತ್ತಡಕ್ಕಿಂತ ಶೇಕಡ 20ರಿಂದ 25ರಷ್ಟು ಕಡಿಮೆಯಾದಾಗ ದೀಪ ಹೊತ್ತಿಕೊಳ್ಳುವಂತೆ ಇಟ್ಟಿರುತ್ತಾರೆ. 33ಕ್ಕೆ ಶೇಕಡ 20 ಕಳೆದರೆ 26.4 ಆಯಿತು. 28.7ಕ್ಕೂ 26.4ಕ್ಕೂ ನಡುವೆ ಇನ್ನೂ ಎರಡು ಪಿಎಸ್‌ಐಗಿಂತ ಹೆಚ್ಚು ಅಂತರವಿದೆ. ಬರಿಯ ಚಳಿಯೇ ಕಾರಣವಾಗಿದ್ದರೆ ಆ ಕಾರಿನ ದೀಪ ಉರಿಯಬಾರದಿತ್ತು. ಉರಿದರೂ ನಾಲ್ಕು ಟಯರುಗಳೂ ಒಟ್ಟಿಗೆ ಗಡಿಯ ಹತ್ತಿರ ಇರಬೇಕಿತ್ತು. ಉಳಿದ ಎರಡು ಪಿಎಸ್‌ಐ ಎಲ್ಲಿ ಹೋಯಿತು ಎಂಬುದೇ ಈಗ ಹುಡುಕಬೇಕಾದ ಪ್ರಶ್ನೆ.

ಉತ್ತರ ಬೆಳಗಿನ ಅಳತೆಯಲ್ಲಿ ಸಿಕ್ಕಿತು. ತಣ್ಣಗಿರುವಾಗ ನಾಲ್ಕನ್ನೂ 33ಕ್ಕೆ ತಂದು ನಿಲ್ಲಿಸಿ ಒಂದು ವಾರ ನೋಡಿದಾಗ ಮೂರು ಟಯರುಗಳು 33, 32.5ರ ಸುತ್ತಲೇ ಇದ್ದವು. ಹಿಂದಿನ ಎಡಚಕ್ರ ಮಾತ್ರ ದಿನಕ್ಕೆ ಸುಮಾರು ಅರ್ಧ ಪಿಎಸ್‌ಐಯಂತೆ ಇಳಿದು ವಾರದ ಕೊನೆಗೆ 29.5ಕ್ಕೆ ಬಂದಿತ್ತು. ಅರ್ಧ ಪಿಎಸ್‌ಐ ಒಂದು ದಿನದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬಿಸಿ ಟಯರಿಗೆ 33 ಹಾಕಿಸಿ, ಮರುದಿನ ಬೆಳಿಗ್ಗೆ 28.7ರಿಂದ ಆಟ ಶುರುವಾದರೆ, ಅದೇ ಅರ್ಧರ್ಧ ಸೇರಿ ನಾಲ್ಕೈದು ದಿನಕ್ಕೆ 26.4ರ ಗಡಿ ದಾಟುತ್ತದೆ. ಅಂದು ಬೆಳಿಗ್ಗೆ ದೀಪ ಉರಿಯುತ್ತದೆ. ಕಾರು ಓಡಿ ಟಯರ್ ಬಿಸಿಯಾಗಿ ಒತ್ತಡ 29, 30ಕ್ಕೆ ಏರಿದಾಗ ಆರುತ್ತದೆ. ದೀಪ ತಾನಾಗಿಯೇ ಆರಿದ್ದನ್ನು ಕಂಡವರು ಅದನ್ನು ಸೆನ್ಸರಿನ ಚಪಲ ಎಂದುಕೊಂಡರು. ನಿಜದಲ್ಲಿ ಸೆನ್ಸರ್ ಪ್ರತಿ ಸಲವೂ ಸರಿಯಾಗಿಯೇ ವರದಿ ಮಾಡಿತ್ತು: ಪರದೆಯ ಅಂಕಿಗೂ ಗೇಜಿನ ಅಂಕಿಗೂ ಒಂದು ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ, ದೀಪ ಒಮ್ಮೆಯೂ ಮಿನುಗಿರಲಿಲ್ಲ.

ಗಾಳಿಯನ್ನು ಎಲ್ಲಿ ಹಾಕಿಸಬೇಕೆಂಬ ಪ್ರಶ್ನೆಗೂ ಇದೇ ಲೆಕ್ಕದಲ್ಲಿ ಉತ್ತರವಿದೆ. ಶಿರಸಿಯಲ್ಲಿ ಬೆಳಿಗ್ಗೆ 14 ಡಿಗ್ರಿಯಲ್ಲಿ 33 ಹಾಕಿಕೊಂಡು ಕೆಳಗಿಳಿದು, ಕುಮಟಾದಲ್ಲಿ ರಾತ್ರಿ ಕಾರು ನಿಲ್ಲಿಸಿ, ಮರುದಿನ ಬೆಳಿಗ್ಗೆ 22 ಡಿಗ್ರಿಯಲ್ಲಿ ಅಳೆದರೆ ಸುಮಾರು 33.3 ಸಿಗುತ್ತದೆ. ಕರಾವಳಿಯ ಸೆಕೆ ಒಂದಷ್ಟು ಏರಿಸುತ್ತದೆ, ತಗ್ಗಿನ ಊರಿನ ಹೆಚ್ಚಿನ ವಾಯುಭಾರ ಬಹುಮಟ್ಟಿಗೆ ಅಷ್ಟನ್ನೇ ಇಳಿಸುತ್ತದೆ. ಹೀಗಾಗಿ ಮೇಲಿನ ಊರಿನವರು ಮನೆಯಲ್ಲೇ ತಣ್ಣಗಿರುವಾಗ ಸರಿಮಾಡಿಕೊಂಡರೆ ಎರಡೂ ಕಡೆಗೆ ಸರಿಹೋಗುತ್ತದೆ. ಮನೆಯಲ್ಲಿ ಪಂಪ್ ಇಲ್ಲದವರು ಬೆಳಿಗ್ಗೆ ಮನೆಯಲ್ಲಿ ಅಳೆದು ಎಷ್ಟು ಕೊರತೆಯಿದೆ ಎಂದು ಬರೆದುಕೊಳ್ಳಬೇಕು. ಬಂಕಿಗೆ ಹೋದಾಗ ಬಿಸಿ ಟಯರ್ ಎಷ್ಟು ತೋರಿಸುತ್ತದೋ ಅದಕ್ಕೆ ಆ ಕೊರತೆಯನ್ನು ಕೂಡಿಸಿ ಹಾಕಿಸಬೇಕು. ಬೆಳಿಗ್ಗೆ ಐದು ಕಡಿಮೆಯಿದ್ದು ಬಂಕಿನಲ್ಲಿ 31 ತೋರಿಸಿದರೆ 36ಕ್ಕೆ ಹಾಕಿಸುವುದು ಸರಿ. ಯಂತ್ರದವರು ಹೆಚ್ಚಾಯಿತು ಎಂದು ಆಕ್ಷೇಪಿಸಿದರೂ ಪರವಾಗಿಲ್ಲ. ಬಿಸಿ ಟಯರಿನಿಂದ ಗಾಳಿ ಬಿಟ್ಟು 33ಕ್ಕೆ ಇಳಿಸುವುದಂತೂ ಮಾಡಲೇಬಾರದ ಕೆಲಸ. ನೈಟ್ರೋಜನ್ ಹಾಕಿಸಿದರೆ ಚಳಿಗೆ ಇಳಿಯುವುದಿಲ್ಲ ಎಂಬ ಮಾತು ಬಂಕುಗಳಲ್ಲಿ ಕೇಳಿಬರುತ್ತದೆ. ಮೇಲಿನ ಅನುಪಾತ ನೈಟ್ರೋಜನ್ನಿಗೂ ಹಾಗೆಯೇ ಅನ್ವಯಿಸುತ್ತದೆ. ಅದರಲ್ಲಿ ತೇವ ಇರುವುದಿಲ್ಲ ಎಂಬುದು ನಿಜವಾದ ಅನುಕೂಲ.

ಸೋರುವ ಜಾಗ

ದಿನಕ್ಕೆ ಅರ್ಧ ಪಿಎಸ್‌ಐ ಎಂದರೆ ಎಷ್ಟು ಗಾಳಿ ಎಂಬುದನ್ನು ಅಂದಾಜು ಮಾಡಿದರೆ ಪಂಕ್ಚರ್ ಅಂಗಡಿಯವರಿಗೆ ಅದು ಏಕೆ ಕಾಣಲಿಲ್ಲ ಎಂಬುದು ತಿಳಿಯುತ್ತದೆ. ಸಾಮಾನ್ಯ ಕಾರಿನ ಟಯರಿನೊಳಗಿನ ಜಾಗ ಸುಮಾರು 30 ಲೀಟರ್. ಅದರಲ್ಲಿ ಅರ್ಧ ಪಿಎಸ್‌ಐ ಇಳಿಯಲು ಹೊರಹೋಗಬೇಕಾದ ಗಾಳಿ ದಿನಕ್ಕೆ ಒಂದು ಲೀಟರಿನಷ್ಟು, ಅಂದರೆ ನಿಮಿಷಕ್ಕೆ ಒಂದು ಮಿಲಿಲೀಟರಿಗಿಂತಲೂ ಕಡಿಮೆ. ಒಂದೇ ತೂತಿನಿಂದ ಬಂದರೂ ನೀರಿನಲ್ಲಿ ಕೆಲವು ಸೆಕೆಂಡಿಗೊಂದು ಗುಳ್ಳೆ ಏಳುತ್ತದೆ ಅಷ್ಟೆ; ರಿಮ್ಮಿನ ಅಂಚಿನಲ್ಲಿ ಒಂದು ಗೇಣುದ್ದಕ್ಕೆ ಹರಡಿಕೊಂಡು ಬಂದರೆ ಗುಳ್ಳೆಯೇ ಕಾಣದೆ ಅಲ್ಲಲ್ಲಿ ಸೂಜಿಮೊನೆಯಷ್ಟು ಹನಿಗಳು ಅಂಟಿಕೊಂಡಂತೆ ತೋರುತ್ತದೆ. ಚಕ್ರವನ್ನು ತೊಟ್ಟಿಯಲ್ಲಿ ಒಮ್ಮೆ ಉರುಳಿಸಿ ಎತ್ತಿದರೆ ಮೊಳೆ ಹೊಕ್ಕ ಜಾಗ ಸಿಗಬಹುದು, ಇದು ಸಿಗುವುದಿಲ್ಲ.

ಆದ್ದರಿಂದ ಪರೀಕ್ಷೆಗೆ ಮೊದಲು ಒತ್ತಡವನ್ನು 40 ಪಿಎಸ್‌ಐವರೆಗೆ ಏರಿಸಿಕೊಳ್ಳಬೇಕು. ಟಯರಿನ ಗೋಡೆಯ ಮೇಲೆ ಬರೆದಿರುವ ಗರಿಷ್ಠ ಮಿತಿಯನ್ನು ದಾಟದಂತೆ ನೋಡಿಕೊಳ್ಳಬೇಕು, ಪರೀಕ್ಷೆ ಮುಗಿದ ಮೇಲೆ ಮರೆಯದೆ ಇಳಿಸಬೇಕು. ಪಾತ್ರೆ ತೊಳೆಯುವ ಸಾಬೂನಿನ ಗಟ್ಟಿ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡು ಮೊದಲು ವಾಲ್ವಿನ ಕ್ಯಾಪ್ ತೆಗೆದು ಅದರ ಬಾಯಿಗೆ, ಆಮೇಲೆ ವಾಲ್ವ್ ರಿಮ್ಮಿಗೆ ಕೂರುವ ಬುಡಕ್ಕೆ, ಆಮೇಲೆ ಟಯರಿನ ಮೈಗೆ, ಕೊನೆಗೆ ಚಕ್ರವನ್ನು ಮಲಗಿಸಿ ರಿಮ್ಮಿಗೂ ಟಯರಿಗೂ ನಡುವಿನ ಗೆರೆಗೆ ಎರಡೂ ಮಗ್ಗುಲಲ್ಲಿ ಬಿಟ್ಟು, ಪ್ರತಿ ಜಾಗದಲ್ಲೂ ಐದು ನಿಮಿಷ ಕಾಯಬೇಕು. ಈ ಕಾಯುವುದನ್ನು ಯಾರೂ ಮಾಡುವುದಿಲ್ಲ. ಸಾಲಿನಲ್ಲಿ ಇನ್ನೂ ನಾಲ್ಕು ಗಾಡಿ ನಿಂತಿರುವ ಅಂಗಡಿಯವರನ್ನು ದೂರುವಂತೆಯೂ ಇಲ್ಲ. ಮನೆಯಲ್ಲೇ ಚಕ್ರ ಬಿಚ್ಚಿ ನೋಡುವುದು ಒಳ್ಳೆಯದು. ಸೋರುವಲ್ಲಿ ದೊಡ್ಡ ಗುಳ್ಳೆಯನ್ನು ನಿರೀಕ್ಷಿಸಬಾರದು. ಹಾಲಿನ ನೊರೆಯಂಥ ಸಣ್ಣ ಬಿಳಿ ನೊರೆ ನಿಧಾನವಾಗಿ ಕಟ್ಟಿಕೊಳ್ಳುತ್ತದೆ.

ಈ ಕಾರಿನಲ್ಲಿ ನೊರೆ ಕಂಡದ್ದು ರಿಮ್ಮಿನ ಒಳಮಗ್ಗುಲಲ್ಲಿ, ಕಾರಿನ ಅಡಿಭಾಗಕ್ಕೆ ಮುಖ ಮಾಡಿರುವ ಅಂಚಿನಲ್ಲಿ. ಕರಾವಳಿಯಲ್ಲಿ ಓಡಾಡುವ ಅಲಾಯ್ ಚಕ್ರಗಳಿಗೆ ಇದು ಸಾಮಾನ್ಯ ರೋಗ. ಕಡಲಗಾಳಿಯ ಉಪ್ಪು, ಮೀನು ಸಾಗಿಸುವ ಗಾಡಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು, ಮಳೆಗಾಲದ ಕೆಸರು ಎಲ್ಲವೂ ಒಳಮಗ್ಗುಲಲ್ಲಿ ಕೂರುತ್ತವೆ. ಕಾರು ತೊಳೆಯುವಾಗ ಅಲ್ಲಿಗೆ ಕೈ ಹೋಗುವುದಿಲ್ಲ. ಬಣ್ಣ ಎಲ್ಲಾದರೂ ಗೀರಿ ಎದ್ದಿದ್ದರೆ ಉಪ್ಪು ಅಡಿಗೆ ನುಸುಳಿ ಅಲ್ಯೂಮಿನಿಯಮ್ಮನ್ನು ತಿಂದು ಬಿಳಿಯ ಪುಡಿಯನ್ನಾಗಿ ಮಾಡುತ್ತದೆ. ಟಯರಿನ ಅಂಚು ಒತ್ತಿ ಕೂರಬೇಕಾದ ಪಟ್ಟಿ ನುಣುಪು ಕಳೆದುಕೊಂಡು ಒರಟಾದ ಮೇಲೆ ರಬ್ಬರ್ ಎಷ್ಟೇ ಬಿಗಿಯಾಗಿ ಕೂತರೂ ಗಾಳಿಗೆ ದಾರಿ ಸಿಗುತ್ತದೆ. ಟಯರ್ ಬಿಚ್ಚಿಸಿ, ಆ ಪಟ್ಟಿಯನ್ನು ತಂತಿ ಬ್ರಷ್ಷಿನಿಂದಲೂ ನಯವಾದ ಉಜ್ಜುಕಾಗದದಿಂದಲೂ ಸುತ್ತಲೂ ಹೊಳಪಿನ ಲೋಹ ಕಾಣುವವರೆಗೆ ಉಜ್ಜಿಸಿ, ಬೀಡ್ ಸೀಲರ್ ಎಂಬ ಕಪ್ಪು ದ್ರಾವಣವನ್ನು ತೆಳುವಾಗಿ ಸವರಿ, ಟಯರ್ ಕೂರಿಸಿ ಬ್ಯಾಲೆನ್ಸ್ ಮಾಡಿಸಿದರೆ ಈ ಸೋರಿಕೆ ನಿಲ್ಲುತ್ತದೆ. ಗ್ರೈಂಡರ್ ಹಿಡಿಯಲು ಬಿಡಬಾರದು. ಅದು ಪಟ್ಟಿಯ ಆಕಾರವನ್ನೇ ಕೆಡಿಸುತ್ತದೆ. ಪುಡಿ ಉದುರಿದ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿಗಳು ಕಂಡರೆ ಸೀಲರ್ ಹೆಚ್ಚು ಕಾಲ ತಡೆಯುವುದಿಲ್ಲ, ರಿಮ್ಮನ್ನೇ ಬದಲಿಸುವ ಯೋಚನೆ ಮಾಡಬೇಕಾಗುತ್ತದೆ.

ಇಂಥ ಸೋರಿಕೆಗೆ ವಾಲ್ವಿನ ಮೂಲಕ ಸುರಿಯುವ ದ್ರವ ಸೀಲೆಂಟನ್ನು ಕೆಲವರು ಶಿಫಾರಸು ಮಾಡುತ್ತಾರೆ. ಸೆನ್ಸರ್ ಇರುವ ಚಕ್ರಕ್ಕೆ ಅದನ್ನು ನಾನು ಒಪ್ಪುವುದಿಲ್ಲ. ಸೆನ್ಸರಿನಲ್ಲಿ ಗಾಳಿಯ ಒತ್ತಡ ಒಳಗೆ ಮುಟ್ಟಲು ಇರುವುದು ಒಂದು ಸಣ್ಣ ರಂಧ್ರ; ಸೀಲೆಂಟ್ ಅದನ್ನು ಮುಚ್ಚಿದರೆ ಅಂಕಿ ಒಂದೇ ಕಡೆ ನಿಂತುಬಿಡುತ್ತದೆ, ಸಣ್ಣ ಸೋರಿಕೆಯ ಜಾಗಕ್ಕೆ ದೊಡ್ಡ ಖರ್ಚು ಬಂದು ಕೂರುತ್ತದೆ.

ನೊರೆ ವಾಲ್ವಿನ ಬಾಯಲ್ಲೇ ಕಂಡರೆ ಒಳಗಿನ ಪಿನ್ ಬದಲಿಸಿದರೆ ಮುಗಿಯಿತು. ಆದರೆ ಸೆನ್ಸರ್ ಜೋಡಿಸಿರುವ ವಾಲ್ವ್ ಅನೇಕ ಕಾರುಗಳಲ್ಲಿ ಅಲ್ಯೂಮಿನಿಯಮ್ಮಿನದು. ಅದಕ್ಕೆ ಸಾಮಾನ್ಯ ಹಿತ್ತಾಳೆಯ ಪಿನ್ ಹಾಕಿದರೆ ಉಪ್ಪಿನ ತೇವದಲ್ಲಿ ಎರಡು ಲೋಹಗಳು ಸೇರಿ ಕೊರೆದುಕೊಂಡು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಮುಂದೆ ತಿರುಗಿಸಲು ಹೋದಾಗ ವಾಲ್ವೇ ಮುರಿಯುತ್ತದೆ. ನಿಕಲ್ ಲೇಪದ ಬಿಳಿ ಪಿನ್ನೇ ಬೇಕೆಂದು ಕೇಳಬೇಕು. ಅಂದಕ್ಕೆಂದು ಲೋಹದ ಕ್ಯಾಪ್ ಹಾಕುವುದಕ್ಕೂ ಇದೇ ಆಕ್ಷೇಪ. ಕಾರವಾರದಂಥ ಊರಿನಲ್ಲಿ ಪ್ಲಾಸ್ಟಿಕ್ ಕ್ಯಾಪೇ ಮೇಲು. ವಾಲ್ವಿನ ಬುಡದಲ್ಲಿ ನೊರೆ ಕಂಡರೆ ಅಲ್ಲಿನ ರಬ್ಬರ್ ವಾಶರ್ ಗಟ್ಟಿಯಾಗಿದೆ ಎಂದರ್ಥ. ವಾಶರ್, ನಟ್ಟು, ಪಿನ್, ಕ್ಯಾಪ್ ಸೇರಿದ ಸರ್ವಿಸ್ ಕಿಟ್ ಪ್ರತ್ಯೇಕವಾಗಿ ಸಿಗುತ್ತದೆ, ಅದಕ್ಕಾಗಿ ಸೆನ್ಸರನ್ನೇ ಕೊಳ್ಳಬೇಕಿಲ್ಲ. ಟಯರ್ ಬಿಚ್ಚುವವರಿಗೆ ಒಳಗೆ ಸೆನ್ಸರ್ ಇದೆ ಎಂದು ಮೊದಲೇ ಹೇಳುವುದು ಅಗತ್ಯ. ಅಂಚು ಬಿಡಿಸುವ ಯಂತ್ರದ ಪಟ್ಟಿ ವಾಲ್ವಿನ ಹತ್ತಿರ ಒತ್ತಿದರೆ ಸೆನ್ಸರ್ ಪುಡಿಯಾಗುತ್ತದೆ.

ಬ್ಯಾಟರಿಯೇ ಕಾರಣವಾದಾಗ

ಸೆನ್ಸರಿನೊಳಗಿನ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತದೆ. ಕಾರು ನಿಂತಾಗ ಸೆನ್ಸರ್ ಬಹುತೇಕ ಮಲಗಿರುತ್ತದೆ, ಚಕ್ರ ಒಂದಷ್ಟು ವೇಗ ಹಿಡಿದ ಮೇಲೆ ಎಚ್ಚರಗೊಂಡು ಸಂಕೇತ ಕಳಿಸುತ್ತದೆ. ಗಾಳಿ ಹಾಕಿಸಿದ ಕೂಡಲೆ ದೀಪ ಆರದೆ ಕೆಲವು ಕಿಲೋಮೀಟರ್ ಹೋದ ಮೇಲೆ ಆರುವುದು ಇದರಿಂದಲೇ, ಅದರಲ್ಲಿ ದೋಷವೇನೂ ಇಲ್ಲ. ಹಳೆಯ ಬ್ಯಾಟರಿಯ ಗುಣ ಇಲ್ಲಿ ಗೊಂದಲ ಹುಟ್ಟಿಸುತ್ತದೆ. ಚಳಿಯಲ್ಲಿ ಅದರ ವೋಲ್ಟೇಜ್ ಕುಸಿಯುತ್ತದೆ, ಬೆಚ್ಚಗಾದ ಮೇಲೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಸಾಯುತ್ತಿರುವ ಬ್ಯಾಟರಿಯೂ ಬೆಳಿಗ್ಗೆ ದೀಪ ಹಚ್ಚಿ ಮಧ್ಯಾಹ್ನ ಆರಿಸುತ್ತದೆ, ನಿಧಾನ ಸೋರಿಕೆ ಮಾಡುವುದೂ ಅದನ್ನೇ. ಎರಡನ್ನೂ ಬೇರ್ಪಡಿಸುವುದು ಮೊದಲೇ ಹೇಳಿದ ಮಿನುಗು. ಬ್ಯಾಟರಿಯ ದೋಷದಲ್ಲಿ ದೀಪ ಮಿನುಗುತ್ತದೆ, ಪರದೆಯಲ್ಲಿ ಒಂದು ಚಕ್ರದ ಅಂಕಿಯ ಜಾಗದಲ್ಲಿ -- ಎಂಬ ಗೆರೆಗಳು ಬರುತ್ತವೆ, ಅದೇ ಬೆಳಿಗ್ಗೆ ಗೇಜಿನಲ್ಲಿ ಅಳೆದರೆ ಆ ಟಯರಿನ ಒತ್ತಡ ಸರಿಯಾಗಿಯೇ ಇರುತ್ತದೆ.

ಖಚಿತಪಡಿಸಿಕೊಳ್ಳಲು ಟಯರ್ ಸೆನ್ಸರ್ ಸ್ಕ್ಯಾನರ್ ಇರುವ ವರ್ಕ್‌ಶಾಪಿಗೆ ಹೋಗಬೇಕು. ಅದನ್ನು ವಾಲ್ವಿನ ಹತ್ತಿರ ಹಿಡಿದರೆ ಸೆನ್ಸರನ್ನು ಎಬ್ಬಿಸಿ ಅದರ ಗುರುತಿನ ಸಂಖ್ಯೆ, ಒತ್ತಡ, ಉಷ್ಣಾಂಶಗಳನ್ನು ತೋರಿಸುತ್ತದೆ. ಅನೇಕ ಸೆನ್ಸರುಗಳಲ್ಲಿ ಬ್ಯಾಟರಿಯ ಸ್ಥಿತಿಯನ್ನೂ ತಿಳಿಸುತ್ತದೆ. ಘಟ್ಟ ಇಳಿದು ಬಿಸಿಯಾದ ಟಯರಿನಲ್ಲಿ ಪರೀಕ್ಷೆ ಮಾಡಿಸಿದರೆ ಸೋತ ಬ್ಯಾಟರಿಯೂ ಉತ್ತರ ಕೊಟ್ಟು ಮೋಸ ಮಾಡಬಹುದು, ಆದ್ದರಿಂದ ರಾತ್ರಿ ಕಾರನ್ನು ವರ್ಕ್‌ಶಾಪಿನಲ್ಲೇ ಬಿಟ್ಟು ಬೆಳಿಗ್ಗೆ ಅಂಗಡಿ ತೆರೆದ ಕೂಡಲೆ ಮಾಡಿಸುವುದು ಸೂಕ್ತ. ಅದಕ್ಕೂ ಮೊದಲು ಪರಿಶೀಲಿಸಬೇಕಾದ ಎರಡು ಸಂಗತಿಗಳಿವೆ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಕೊಂಡಿದ್ದರೆ, ಅದರಲ್ಲಿ ಸೆನ್ಸರ್ ಇಲ್ಲದ ಕಾರಣಕ್ಕೇ ದೀಪ ಮಿನುಗುತ್ತಿರಬಹುದು. ಹಾಗೆಯೇ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿದ ಅಗ್ಗದ ಚಾರ್ಜರ್ ಅಥವಾ ಡ್ಯಾಶ್‌ಕ್ಯಾಮ್ ರೇಡಿಯೋ ಗದ್ದಲ ಎಬ್ಬಿಸಿ ಸಂಕೇತವನ್ನು ಮುಳುಗಿಸುವುದುಂಟು. ಅವನ್ನು ಕಿತ್ತು ಒಂದೆರಡು ದಿನ ಓಡಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಬ್ಯಾಟರಿ ಮುಗಿದದ್ದು ಖಚಿತವಾದರೆ ಸೆನ್ಸರನ್ನೇ ಬದಲಿಸಬೇಕು. ಒಳಗಿನ ಬ್ಯಾಟರಿಯನ್ನು ಅಂಟುದ್ರವ ಸುರಿದು ಮುಚ್ಚಿರುತ್ತಾರೆ. ಕೊರೆದು ಹೊಸದನ್ನು ಬೆಸುಗೆ ಹಾಕಿಕೊಡುವವರು ಇದ್ದರೂ, ವೇಗವಾಗಿ ತಿರುಗುವ ಚಕ್ರದೊಳಗೆ ಕೈಯಿಂದ ಮುಚ್ಚಿದ ಪೆಟ್ಟಿಗೆಯನ್ನು ಇಡುವುದು ಜಾಣತನವಲ್ಲ. ನಾಲ್ಕೂ ಸೆನ್ಸರುಗಳು ಒಂದೇ ದಿನ ಕೆಲಸ ಶುರುಮಾಡಿರುವುದರಿಂದ ಒಂದು ಸತ್ತರೆ ಉಳಿದವು ಹಿಂಬಾಲಿಸುವುದು ತಡವಾಗುವುದಿಲ್ಲ. ಟಯರುಗಳು ಸವೆದು ಹೇಗೂ ಬದಲಿಸುವ ಹೊತ್ತು ಹತ್ತಿರವಿದ್ದರೆ ನಾಲ್ಕನ್ನೂ ಆಗಲೇ ಹಾಕಿಸುವುದು ಲಾಭ, ಬಿಚ್ಚಿ ಹಾಕುವ ಕೂಲಿ ಉಳಿಯುತ್ತದೆ. ಹೊಸ ಸೆನ್ಸರ್ ಆ ಕಾರಿನ ಮಾದರಿಗೇ ಹೊಂದುವಂಥದ್ದಾಗಿರಬೇಕು, ಅದರ ಗುರುತಿನ ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು. ಹಾಗೆ ಪರಿಚಯಿಸದಿದ್ದರೆ ಹೊಸ ಸೆನ್ಸರಿನೊಂದಿಗೂ ದೀಪ ಮೊದಲಿನಂತೆಯೇ ಮಿನುಗುತ್ತದೆ.

ವಾಲ್ವಿನ ಕ್ಯಾಪಿನ ಜಾಗದಲ್ಲಿ ತಿರುಗಿಸಿ ಕೂರಿಸುವ, ಅಂಗಡಿಯಲ್ಲಿ ಕೊಂಡು ತರುವ ಸೆನ್ಸರುಗಳ ವಿಷಯ ಬೇರೆ. ಅವುಗಳ ಗುಂಡಿ ಬ್ಯಾಟರಿಯನ್ನು ನಾವೇ ಬದಲಿಸಬಹುದು. ಆದರೆ ಅವು ವಾಲ್ವಿನ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತವೆ. ಗಾಳಿಯನ್ನು ತಡೆಯುವ ಕೆಲಸ ಅವುಗಳೊಳಗಿನ ಸಣ್ಣ ರಬ್ಬರ್ ಬಳೆಯ ಮೇಲೆ ಬಿದ್ದಿರುತ್ತದೆ. ಆ ಬಳೆ ಬಿಸಿಲಿಗೆ ಒಣಗಿ ಬಿರಿದರೆ, ಒತ್ತಡ ಅಳೆಯಲೆಂದು ಹಾಕಿದ ವಸ್ತುವೇ ಸೋರಿಕೆಯ ಮೂಲವಾಗುತ್ತದೆ. ಇವು ಇರುವ ಕಾರಿನಲ್ಲಿ ಸಾಬೂನುನೀರನ್ನು ಮೊದಲು ಬಿಡಬೇಕಾದದ್ದು ಅಲ್ಲಿಗೆ, ಸೆನ್ಸರನ್ನು ಬಿಚ್ಚದೆ.

ರಿಪೇರಿಯಾದ ಮೇಲೆ ದೀಪ ಆರಿತೆಂದು ಬಿಟ್ಟುಬಿಡದೆ ಇನ್ನೊಂದು ವಾರ ಬೆಳಗಿನ ಅಳತೆಯನ್ನು ಮುಂದುವರಿಸಬೇಕು. ಅಡಿಕೆ ವ್ಯಾಪಾರಿಯ ಕಾರಿನಲ್ಲಿ ರಿಮ್ ಉಜ್ಜಿಸಿದ ನಂತರ ಹಿಂದಿನ ಎಡಚಕ್ರದ ಅಂಕಿ ಉಳಿದ ಮೂರರಿಂದ ಅರ್ಧ ಪಿಎಸ್‌ಐಗಿಂತ ಹೆಚ್ಚು ದೂರ ಸರಿಯಲಿಲ್ಲ. ಸರಿದಿದ್ದರೆ ಅದೇ ರಿಮ್ಮಿನ ಇನ್ನೊಂದು ಮಗ್ಗುಲಿಗೆ ಮತ್ತೆ ಸಾಬೂನುನೀರು ಬಿಡಬೇಕಾಗುತ್ತಿತ್ತು, ಏಕೆಂದರೆ ಉಪ್ಪು ಒಂದು ಅಂಚನ್ನು ತಿಂದ ಚಕ್ರದಲ್ಲಿ ಎರಡನೆಯ ಅಂಚೂ ಬಹಳ ಹಿಂದೆ ಬಿದ್ದಿರುವುದಿಲ್ಲ.